ಹೋಲ್ಡರ್ ಎಲ್ಲಿ ಹಾಕಿದ್ದೀರ ಅಂತ ಕೇಳೋರಿಗೆ

"ಅಣ್ಣ, ದಿನಪೂರ್ತಿ ಮ್ಯಾಪ್ ಹಾಕ್ಕೊಂಡೇ ಓಡಿಸ್ತೀರಲ್ಲ, ಚಾರ್ಜ್ ಹೇಗೆ ನಿಲ್ಲುತ್ತೆ? ಯಾವ ಫೋನು, ಯಾವ ಹೋಲ್ಡರು, ಏನು ಸೆಟ್ಟಿಂಗು?"

ಇನ್ಮೇಲೆ ಬಾಯಲ್ಲಿ ಹೇಳಲ್ಲ. ಕ್ಯಾಬ್ ಸ್ಟ್ಯಾಂಡಲ್ಲಿ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಓದೋರು ಓದ್ಕೊಳ್ಳಿ.

ಮೊದಲು "ಯಾವ ಫೋನು" ಅನ್ನೋದನ್ನ ಬಿಡಿ. ನಿಮ್ಮ ಹತ್ರ ಇರೋ ಫೋನೇ ಸಾಕು. ಹೊಸದು ತಗೊಂಡವರೂ ಏಪ್ರಿಲ್ ತಿಂಗಳ ಮಧ್ಯಾಹ್ನ ನನ್ನ ಹತ್ರಾನೇ ಬಂದು ಚಾರ್ಜರ್ ಕೇಳ್ತಾರೆ. ಹಿಂದಿನ ಸೀಟಿನ ಸಾಹೇಬರ ಸಲಹೆ ಇನ್ನೊಂದು: "ಬ್ಯಾಟರಿ ಸೇವರ್ ಆನ್ ಮಾಡ್ಕೊಳ್ರೀ, ಅಷ್ಟೇ." ಅಷ್ಟೇ ಅಂತೆ! ಅವರ ಫೋನಿಗೆ ಅಷ್ಟೇ ಇರಬಹುದು. ನಮ್ಮ ಫೋನು ಕೆಲಸ ಮಾಡೋದೇ ಹಿಂದೆ ಆ್ಯಪ್ ಓಡ್ತಿದ್ರೆ, ಲೊಕೇಶನ್ ಹೋಗ್ತಾ ಇದ್ರೆ. ಬ್ಯಾಟರಿ ಸೇವರ್ ಕಡಿಯೋದು ಆ ಎರಡನ್ನೇ. ಸ್ಕ್ರೀನ್ ಆಫ್ ಮಾಡಿ ಟೀ ಕುಡಿಯೋಕೆ ನಿಂತ್ರೆ ಎಷ್ಟೋ ಫೋನಲ್ಲಿ ಲೊಕೇಶನ್ ಹೋಗೋದು ನಿಂತುಬಿಡುತ್ತೆ, ಬುಕಿಂಗ್ ಬರೋದು ತಡ ಆಗುತ್ತೆ, ಇಲ್ಲ ಬರೋದೇ ಇಲ್ಲ. ಆಮೇಲೆ "ಇವತ್ತು ಡ್ಯೂಟಿನೇ ಇಲ್ಲ ಗುರು" ಅಂತ ಕಂಪನಿಯನ್ನ ಬೈಯೋದು.

ಮಾಡಬೇಕಾದ್ದು ಅದಕ್ಕೆ ಉಲ್ಟಾ. Settings → Apps ಒಳಗೆ ಡ್ಯೂಟಿ ಆ್ಯಪ್ ತೆಗೆದು, Battery ಒತ್ತಿ, Unrestricted ಅಂತ ಇಡಿ. ಮ್ಯಾಪಿಗೂ ಹಾಗೇ ಮಾಡಿ. ಕೆಲವು ಫೋನಲ್ಲಿ Autostart ಅಂತ ಇನ್ನೊಂದು ಇರುತ್ತೆ, ಅದೂ ಆನ್ ಇರಲಿ. ಉಳಿಸೋದಾದ್ರೆ ಶಾರ್ಟ್ ವಿಡಿಯೋ ಆ್ಯಪು, ಗೇಮು, ಬೇಡದ ನೋಟಿಫಿಕೇಶನ್ನಿಂದ ಉಳಿಸಿ. ದುಡಿಯೋ ಆ್ಯಪಿನ ಹೊಟ್ಟೆ ಮೇಲೆ ಹೊಡೀಬೇಡಿ.

ಈಗ ಆ ಹುಡುಗನ ಕಥೆ. ಏರ್‌ಪೋರ್ಟ್ ಹತ್ರ ಕ್ಯಾಬ್‌ಗಳು ಕಾಯೋ ಜಾಗ. ಮಧ್ಯಾಹ್ನ, ನೆರಳಿಲ್ಲ. ಮಂಡ್ಯ ಕಡೆ ಹುಡುಗ, ಗಾಡಿ ಹಿಡಿದು ಸ್ವಲ್ಪ ದಿನ ಆಗಿತ್ತು. ಬಂದವನೇ, "ಅಣ್ಣ, ಚಾರ್ಜರ್ ಕೆಟ್ಟೋಯ್ತು, ನಿಮ್ದು ಕೊಡಿ" ಅಂದ. ಹೋಗಿ ನೋಡಿದೆ. ಡ್ಯಾಶ್‌ಬೋರ್ಡ್ ಮೇಲೆ ಮುಂದಿನ ಗ್ಲಾಸಿಗೆ ಅಂಟಿಸಿದ ಹೋಲ್ಡರು, ಫೋನಿಗೆ ಕಪ್ಪು ರಬ್ಬರ್ ಕವರು, ಎಸಿ ಆಫ್. ಫೋನ್ ಮುಟ್ಟಿದ್ರೆ ಕೈ ಹಿಂದೆ ಎಳ್ಕೋಬೇಕು, ಅಷ್ಟು ಬಿಸಿ. ಸ್ಕ್ರೀನ್ ತಾನಾಗೇ ಮಂಕಾಗಿತ್ತು. ಬ್ಯಾಟರಿ ಬಿಸಿಯಾಗಿದೆ, ಚಾರ್ಜಿಂಗ್ ನಿಲ್ಲಿಸಿದೀನಿ ಅಂತ ಫೋನೇ ಬರೆದು ತೋರಿಸ್ತಾ ಇತ್ತು. ಅವನು ಅದನ್ನ ಓದದೆ ಒರೆಸಿ ಹಾಕಿದ್ದ.

ನನ್ನ ಚಾರ್ಜರ್ ಕೊಡಲಿಲ್ಲ. ಕವರ್ ಬಿಚ್ಚಿಸಿ, ಎಸಿ ಹಾಕಿಸಿ, ಫೋನನ್ನ ಗಾಳಿ ಬರೋ ಕಡೆ ಹಿಡ್ಕೊಂಡು ಕೂತ್ಕೋ ಅಂದೆ. ಐಸ್ ನೀರಿನ ಬಾಟಲಿಗೆ ಒತ್ತಿ ಹಿಡೀತೀನಿ ಅಂದ, ಬೇಡ ಅಂದೆ. ಬಿಸಿ ಫೋನನ್ನ ಒಮ್ಮೆಲೇ ಅಷ್ಟು ತಣ್ಣಗೆ ಮಾಡಿದ್ರೆ ಒಳಗೆ ತೇವ ಕಟ್ಟಬಹುದು. ಸ್ವಲ್ಪ ಹೊತ್ತಾದ ಮೇಲೆ ಅದೇ "ಕೆಟ್ಟೋದ" ಚಾರ್ಜರಲ್ಲೇ ಚಾರ್ಜ್ ಏರೋಕೆ ಶುರುವಾಯ್ತು. ಹುಡುಗ ನನ್ನ ಮುಖ ನೋಡಿದ, ನಾನೇನೋ ಮಂತ್ರ ಹಾಕಿದ ಹಾಗೆ.

ಲಿಥಿಯಂ ಬ್ಯಾಟರಿ ತುಂಬ ಬಿಸಿಯಾದ್ರೆ ಫೋನು ತನ್ನನ್ನ ಕಾಪಾಡ್ಕೊಳ್ಳೋಕೆ ಮೊದಲು ಚಾರ್ಜಿಂಗ್ ನಿಧಾನ ಮಾಡುತ್ತೆ, ಆಮೇಲೆ ನಿಲ್ಲಿಸೇ ಬಿಡುತ್ತೆ. ವಯರ್ ಸಿಕ್ಕಿಸಿದ್ದೂ ಪರ್ಸೆಂಟ್ ಇಳೀತಾ ಹೋಗುತ್ತೆ. ಐಫೋನ್ ಮಾಡೋ ಕಂಪನಿನೇ ಸುತ್ತಲಿನ ಶಾಖ 35 ಡಿಗ್ರಿ ಒಳಗಿರೋ ಕಡೆ ಬಳಸಿ ಅನ್ನುತ್ತೆ. ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ ಗಾಡಿ ಒಳಗೆ, ಅದೂ ಡ್ಯಾಶ್‌ಬೋರ್ಡ್ ಮೇಲೆ, 35 ದಾಟೋಕೆ ಎಷ್ಟು ಹೊತ್ತು ಬೇಕು? ಅದಕ್ಕೇ ಹೋಲ್ಡರು, ಚಾರ್ಜರು, ಸೆಟ್ಟಿಂಗು ಅಂತ ಮೂರು ಪ್ರಶ್ನೆ ಕೇಳೋರಿಗೆ ನಾನು ಬಿಸಿ ಬಗ್ಗೆನೇ ಮೊದಲು ಹೇಳೋದು.

ನನ್ನ ಹೋಲ್ಡರ್ ಇರೋದು ಸ್ಟೀರಿಂಗಿನ ಬಲಗಡೆ, ಬಾಗಿಲ ಪಕ್ಕದ ಎಸಿ ವೆಂಟಿಗೆ. ತಣ್ಣನೆ ಗಾಳಿ ನೇರ ಫೋನಿನ ಬೆನ್ನಿಗೆ ಹೊಡೆಯುತ್ತೆ. ರಸ್ತೆಯಿಂದ ಕಣ್ಣು ಜಾಸ್ತಿ ಕೆಳಗಿಳಿಸೋ ಹಾಗಿಲ್ಲ, ಮುಂದಿನ ಗ್ಲಾಸೂ ಮುಚ್ಚಲ್ಲ. ಬಲಗಡೆ ಕನ್ನಡಿ ಮಾತ್ರ ಅಡ್ಡ ಬರದೆ ಪೂರ್ತಿ ಕಾಣ್ತಿದೆಯಾ ಅಂತ ಕೂತು ನೋಡ್ಕೊಂಡು ಎತ್ತರ ಹೊಂದಿಸಬೇಕು. ಇನ್ನೊಂದು ಲಾಭ ಯಾರಿಗೂ ಹೇಳಲ್ಲ, ಇಲ್ಲಿ ಹೇಳ್ತೀನಿ: ಹಿಂದೆ ಎಡಗಡೆ ಕೂತವರಿಗೆ ಸ್ಕ್ರೀನ್ ಸರಿಯಾಗಿ ಕಾಣಲ್ಲ. "ಗೂಗಲ್ ಬೇರೆ ದಾರಿ ತೋರಿಸ್ತಿದೆಯಲ್ಲ" ಅನ್ನೋ ಮಾತು ಅರ್ಧ ಕಮ್ಮಿ ಆಗುತ್ತೆ.

ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಬರೀ ಒತ್ತಿ ಹಿಡಿಯೋ ಕ್ಲಿಪ್ ತಗೊಂಡ್ರೆ ಭಾರದ ಫೋನಿಗೆ ವೆಂಟಿನ ಪಟ್ಟಿ ಬಗ್ಗಿ, ಹಂಪ್ ಮೇಲೆ ಫೋನು ತಲೆ ತಗ್ಗಿಸುತ್ತೆ. ಪಟ್ಟಿ ಹಿಂದೆ ಕೊಕ್ಕೆ ಹಾಕಿ ತಿರುಪಿ ಬಿಗಿ ಮಾಡೋದು, ಕೆಳಗೆ ಡ್ಯಾಶ್‌ಬೋರ್ಡಿಗೆ ಒರಗೋ ಕಾಲಿರೋದು ತಗೊಳ್ಳಿ. ಗುಂಡಗಿನ ವೆಂಟ್ ಇರೋ ಗಾಡಿಯಲ್ಲಿ ವೆಂಟೇ ತಿರುಗಿಬಿಡುತ್ತೆ, ಅಲ್ಲಿ ಮಧ್ಯದ ವೆಂಟೇ ಗತಿ. ಎಡಗಡೆ ಏರ್‌ಬ್ಯಾಗ್ ಅಂತ ಬರೆದಿರೋ ಮುಚ್ಚಳದ ಮೇಲಂತೂ ಏನನ್ನೂ ಅಂಟಿಸಬೇಡಿ. ಡೀಸೆಲ್ ಉಳಿಸೋಕೆ ಎಸಿ ಆಫ್ ಮಾಡಿ ಕಾಯೋರು ಫೋನನ್ನ ವೆಂಟಿಂದ ತೆಗೆದು ಬಾಗಿಲ ಜೇಬಲ್ಲೋ ಸೀಟಿನ ನೆರಳಲ್ಲೋ ಇಡಿ. ಗಾಳಿ ಬರದ ವೆಂಟಲ್ಲಿ ಏನೂ ಪ್ರಯೋಜನ ಇಲ್ಲ.

ಮ್ಯಾಗ್ನೆಟ್ ಹೋಲ್ಡರ್ ಚೆಂದ, ಒಂದೇ ಕೈಯಲ್ಲಿ ಅಂಟಿಸಬಹುದು. ಆದ್ರೆ ಫೋನಿನ ದಿಕ್ಸೂಚಿಗೆ ಆ ಅಯಸ್ಕಾಂತ ಆಗಿಬರಲ್ಲ. ಗಾಡಿ ಓಡ್ತಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಚಲಿಸೋವಾಗ ದಿಕ್ಕನ್ನ ಜಿಪಿಎಸ್ಸೇ ಲೆಕ್ಕ ಹಾಕುತ್ತೆ. ಪಿಕಪ್ ಹತ್ರ ನಿಂತಾಗ ಬಾಣ ಎತ್ತಲೋ ತೋರಿಸುತ್ತೆ, ನೀವು ಎಡಕ್ಕೆ ಹೊರಟು ಗಿರಾಕಿ ಬಲಗಡೆ ಕೈ ಬೀಸ್ತಾ ಇರ್ತಾರೆ.

ಚಾರ್ಜರ್ ಕೆಟ್ಟಿದೆಯೋ ಬಿಸಿಯೋ ಅಂತ ತಿಳಿಯೋದು ಸುಲಭ. ಮ್ಯಾಪ್ ಹಾಕಿ, ಚಾರ್ಜಿಗೆ ಸಿಕ್ಕಿಸಿ, ಪರ್ಸೆಂಟ್ ನೋಡ್ಕೊಳ್ಳಿ. ಅರ್ಧ ಗಂಟೆ ಆದ ಮೇಲೆ ಮತ್ತೆ ನೋಡಿ. ಇಳಿದಿದ್ದು ಫೋನ್ ಬಿಸಿಯಿದ್ರೆ ಬಿಸಿಯದೇ ಕೆಲಸ. ಫೋನ್ ತಣ್ಣಗಿದ್ದೂ ಇಳಿದ್ರೆ ಚಾರ್ಜರು ಇಲ್ಲ ಕೇಬಲ್. ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ Output: 5V 1A ಅಂತ ಇದ್ರೆ ಅದು ಕೊಡೋದು 5 ವ್ಯಾಟ್. ಸ್ಕ್ರೀನ್ ಪೂರ್ತಿ ಬೆಳಕು, ಜಿಪಿಎಸ್, ಡೇಟಾ ಎಲ್ಲ ಸೇರಿ ಫೋನು ಹೆಚ್ಚುಕಮ್ಮಿ ಅಷ್ಟನ್ನೇ ತಿಂದು ಮುಗಿಸುತ್ತೆ, ಬ್ಯಾಟರಿಗೆ ಉಳಿಯೋದೇನು? ಅದರಲ್ಲೂ ಎರಡು ಫೋನಿಗೆ ಒಂದೇ ಚಾರ್ಜರ್ ಹಾಕಿದ್ರೆ ಹಂಚಿ ತಿನ್ನಬೇಕು. ಒಂದು ಪೋರ್ಟಿಗೆ 2 ಆಂಪ್‌ಗಿಂತ ಜಾಸ್ತಿ ಇರೋದು, ದಪ್ಪ ಗಿಡ್ಡ ಕೇಬಲ್, ಇಷ್ಟು ಸಾಕು. ವಯರ್‌ಲೆಸ್ ಚಾರ್ಜರ್ ತಾನೇ ಬಿಸಿ ಮಾಡುತ್ತೆ, ಬೇಸಿಗೆಯಲ್ಲಿ ಬೇಡ.

ಫೋನಲ್ಲಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸೋ ಸೆಟ್ಟಿಂಗ್ ಇದ್ರೆ ಹಾಕಿಡಿ. ಹನ್ನೆರಡು ಗಂಟೆ ವಯರಲ್ಲೇ ಇರೋ ಫೋನು ನೂರರಲ್ಲಿ ಬಿಸಿಯಾಗಿ ಕೂತ್ರೆ ಬ್ಯಾಟರಿ ಬೇಗ ಸವೆಯುತ್ತೆ, ಊದಿಕೊಳ್ಳೋದೂ ಉಂಟು. ಹಿಂದಿನ ಮುಚ್ಚಳ ಅಥವಾ ಸ್ಕ್ರೀನಿನ ಅಂಚು ಎದ್ದ ಹಾಗೆ ಕಂಡ್ರೆ ಆ ಫೋನನ್ನ ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸೋಕೂ ಹೋಗಬೇಡಿ. ರಿಪೇರಿಗೆ ಕೊಡಿ.

ಸರಿ, ಚಾರ್ಜಿನ ಕಥೆ ಆಯ್ತು. ಇಷ್ಟು ವರ್ಷದಲ್ಲಿ ಒಬ್ಬನೂ ಕೇಳದ ಪ್ರಶ್ನೆ ಒಂದಿದೆ: "ಅಣ್ಣ, ಮ್ಯಾಪಲ್ಲಿ ಮೇಲೋ ಕೆಳಗೋ ಅಂತ ಹೇಗೆ ತಿಳ್ಕೊಳ್ತೀರ?" ಚಾರ್ಜ್ ಹೋದ್ರೆ ಹತ್ತು ನಿಮಿಷ ಹೋಗುತ್ತೆ. ಇದು ತಪ್ಪಿದ್ರೆ ಗಿರಾಕಿಯ ಸಮಯ, ನಿಮ್ಮ ಎಣ್ಣೆ, ರೇಟಿಂಗ್ ಮೂರೂ ಹೋಗುತ್ತೆ.

ಸಿಲ್ಕ್ ಬೋರ್ಡಿಂದ ಎಲೆಕ್ಟ್ರಾನಿಕ್ ಸಿಟಿ ಕಡೆ ಹೊರಟಿದ್ದೀರಿ ಅಂದ್ಕೊಳ್ಳಿ. 2010ರಿಂದ ಅಲ್ಲಿ ಸುಮಾರು 10 ಕಿಲೋಮೀಟರ್ ಮೇಲುರಸ್ತೆ ಇದೆ, ಅದರ ಕೆಳಗೆ ಹಳೇ ಹೊಸೂರು ರಸ್ತೆ. ಒಂದರ ಮೇಲೊಂದು ಇರೋದ್ರಿಂದ ನಕ್ಷೆಯಲ್ಲಿ ಎರಡೂ ಒಂದೇ ಗೆರೆ. ಫೋನಿನ ಜಿಪಿಎಸ್‌ಗೆ ಎಡ ಬಲ ಗೊತ್ತಾಗೋಷ್ಟು ಚೆನ್ನಾಗಿ ಎತ್ತರ ಗೊತ್ತಾಗಲ್ಲ. ಕೆಳಗೆ ಹೋದ್ರೆ ಮೇಲಿನ ಕಾಂಕ್ರೀಟ್ ಆಕಾಶವನ್ನೇ ಮುಚ್ಚಿ ಚುಕ್ಕಿ ಅಲ್ಲಾಡುತ್ತೆ, ಮ್ಯಾಪು ಹತ್ತಿರ ಕಂಡ ರಸ್ತೆಗೆ ನಿಮ್ಮನ್ನ ಅಂಟಿಸುತ್ತೆ. 2024ರಲ್ಲಿ ಗೂಗಲ್ ಮ್ಯಾಪು ಫ್ಲೈಓವರ್ ಬಂದಾಗ ಮುಂಚೆನೇ ಹೇಳೋ ಹಾಗೆ ಮಾಡಿದ್ದಾರೆ, ಒಳ್ಳೇದೇ. ಆದ್ರೆ ನೀವು ಹತ್ತಿದಿರೋ ಇಲ್ಲವೋ ಅನ್ನೋದು ಅದಕ್ಕೆ ಈಗಲೂ ಊಹೆನೇ.

ಡ್ರಾಪ್ ನಡುವೆ ಸಿಗೋ ಕೂಡ್ಲು ಗೇಟ್ ಅಂದ್ರೆ ದಾರಿ ಕೆಳಗೆ. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಾಗ ಮೇಲಿನ ಹಸಿರು ಪಟ್ಟಿಯಲ್ಲಿ ಮುಂದಿನ ತಿರುವು ಎಷ್ಟು ದೂರ ಅಂತ ನೋಡಿ, ಪಟ್ಟಿಯನ್ನ ಪಕ್ಕಕ್ಕೆ ಸರಿಸಿ ಆಮೇಲಿನ ಒಂದೆರಡು ತಿರುವೂ ಓದ್ಕೊಳ್ಳಿ. ಎಂಟೊಂಬತ್ತು ಕಿಲೋಮೀಟರ್ ನೇರ ಹೋಗಿ ಅಂದ್ರೆ ಅದು ನಿಮ್ಮನ್ನ ಮೇಲೆ ಹತ್ತಿಸ್ತಾ ಇದೆ. ಅಷ್ಟರೊಳಗೆ ಎಡಕ್ಕೆ ತಿರುಗೋದೋ ಯು ಟರ್ನೋ ಇದ್ರೆ ಕೆಳಗೆ. ಎತ್ತಲೂ ಸರಿ ಅನಿಸದಿದ್ರೆ ಗಿರಾಕಿಯನ್ನೇ ಕೇಳಿ, "ಸರ್, ನಿಮ್ಮ ಮನೆ ಮೇಲಿಂದ ಸಿಗುತ್ತಾ ಕೆಳಗಿಂದಾನಾ?" ಅವರು ದಿನಾ ಓಡಾಡೋ ದಾರಿ. ಮ್ಯಾಪಿನ ಧ್ವನಿ ಆನ್ ಇರಲಿ, ಕಾರಿನ ಸ್ಪೀಕರಿಗೆ ಹಾಕೋದಾದ್ರೆ ಬ್ಲೂಟೂತಲ್ಲಿ ಮಾತು ಕೊಂಚ ತಡವಾಗಿ ಬರುತ್ತೆ ಅನ್ನೋದು ನೆನಪಿರಲಿ. ಎಡಕ್ಕೆ ಅನ್ನೋ ಹೊತ್ತಿಗೆ ಎಡ ದಾಟಿರ್ತೀರ. ನಾನು ಫೋನಿನ ಸ್ಪೀಕರಲ್ಲೇ ಕೇಳ್ತೀನಿ.

ಇದನ್ನೆಲ್ಲ ನಿಂತಾಗ ನೋಡಬೇಕು. ಮೊಬೈಲನ್ನ ದಾರಿ ನೋಡೋಕೆ ಮಾತ್ರ, ಅದೂ ಗಮನ ಕೆಡದ ಹಾಗೆ ಬಳಸಬಹುದು ಅಂತ 2020ರ ಅಕ್ಟೋಬರಿಂದ ಕೇಂದ್ರದ ನಿಯಮ ಇದೆ. ಓಡ್ತಿರೋ ಗಾಡಿಯಲ್ಲಿ ಕೈಲಿ ಹಿಡಿದು ಮ್ಯಾಪ್ ಉಜ್ಜೋದು ಅದರೊಳಗೆ ಬರಲ್ಲ. ಸಿಗ್ನಲ್ ಹಸಿರಾದ ಮೇಲೂ ತಿರುವು ಹುಡುಕ್ತಾ ಇದ್ರೆ ಎಡಗಡೆ ಲೇನಲ್ಲೇ ಇರಿ, ಕೆಳಗಿನ ರಸ್ತೆಯಲ್ಲಿ ಸಿಗ್ನಲ್ ಜಾಸ್ತಿ ಸಿಗುತ್ತೆ ಅಷ್ಟೆ. ಮೇಲೆ ಹತ್ತಿದ್ರೆ ಕೂಡ್ಲು ಗೇಟಿನ ಗಿರಾಕಿ ತನ್ನ ಸ್ಟಾಪನ್ನ ಮೇಲಿಂದ ನೋಡ್ಕೊಂಡು ಹೋಗ್ತಾನೆ, ಅವನ ಬೈಗುಳ ನೀವೇ ಕೇಳಬೇಕು.