ಮಂಜುಗಾಲದಲ್ಲಿ ದೆಹಲಿಗೆ ಬೆಳಗಿನ ಆರು ಗಂಟೆಯ ಫ್ಲೈಟ್ ಬೇಡ

ಶಿರಸಿಯಲ್ಲಿ ಟಿಕೆಟ್ ಬುಕಿಂಗ್ ಕೆಲಸ ಮಾಡುವ ನಮಗೆ ದಿನಾ ಕಿವಿಗೆ ಬೀಳುವ ಮಾತು ಇದು: ‘ಬೆಳಗಿನ ಮೊದಲ ಫ್ಲೈಟೇ ಹಾಕಿ, ಅದು ತಡ ಆಗೂದಿಲ್ಲ.’ ಮಳೆಗಾಲದ ಮಟ್ಟಿಗೆ ಮಾತು ಸರಿ. ಆದರೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ದೆಹಲಿ, ಲಖನೌ, ಅಮೃತಸರದ ಕಡೆ ಹೊರಟವರು ಇದನ್ನೇ ನಂಬಿಕೊಂಡರೆ ಕೆಲಸ ಕೆಡುತ್ತದೆ.

ಮೊದಲ ಫ್ಲೈಟ್ ಯಾಕೆ ಒಳ್ಳೆಯದು ಅನ್ನುವುದನ್ನು ಮೊದಲು ನೋಡಬೇಕು. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುತ್ತದೆ. ಬೆಳಿಗ್ಗೆ ಮುಂಬೈಯಲ್ಲಿ ಮಳೆಗೆ ಸಿಕ್ಕಿ ನಲವತ್ತು ನಿಮಿಷ ಕಳೆದುಕೊಂಡರೆ ಆ ತಡ ಮುಂದಿನ ಪ್ರತಿ ಊರಿಗೂ ಸೇರುತ್ತ ಹೋಗುತ್ತದೆ, ಸಂಜೆಯ ಹೊತ್ತಿಗೆ ಮೂರು ತಾಸು ಆಗಿರುತ್ತದೆ. ಪೈಲಟ್ ಮತ್ತು ಸಿಬ್ಬಂದಿಯ ಡ್ಯೂಟಿಗೆ ಕಾನೂನಿನ ಮಿತಿ ಇದೆ. ಅದು ಮುಗಿದರೆ ರಾತ್ರಿಯ ಕೊನೆಯ ಫ್ಲೈಟ್ ರದ್ದೇ ಆಗಬಹುದು. ಮೊದಲ ಫ್ಲೈಟಿನ ವಿಮಾನವಾದರೆ ರಾತ್ರಿ ಅಲ್ಲೇ ತಂಗಿರುತ್ತದೆ, ಹಿಂದಿನ ದಿನದ ಹೊರೆ ಅದರ ಮೇಲೆ ಇರುವುದು ಕಡಿಮೆ. ಅದು ತಪ್ಪಿದರೂ ಆ ದಿನವೇ ಇನ್ನೊಂದಕ್ಕೆ ಹತ್ತಿಸಲು ಅವಕಾಶ ಉಳಿದಿರುತ್ತದೆ.

ಮಂಜಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ವಿಮಾನ ಸಿದ್ಧವಾಗಿ ನಿಂತಿರುತ್ತದೆ, ಇಳಿಯಬೇಕಾದ ಜಾಗವೇ ಸಿದ್ಧ ಇರುವುದಿಲ್ಲ. ಆರಕ್ಕೆ ಹೊರಟದ್ದು ಒಂಬತ್ತರ ಸುಮಾರಿಗೆ ದೆಹಲಿ ಮುಟ್ಟಬೇಕು. ನಸುಕಿನಿಂದ ಒಂಬತ್ತು, ಕೆಲವು ದಿನ ಹತ್ತು ಗಂಟೆಯವರೆಗೂ ಅಲ್ಲಿ ಮಂಜು ಅತಿ ದಟ್ಟ.

ದೆಹಲಿಯಲ್ಲಿ ಕ್ಯಾಟ್ ತ್ರೀ ವ್ಯವಸ್ಥೆ ಇದೆ, ಮಂಜಿನಲ್ಲೂ ಇಳಿಯುತ್ತವಲ್ಲ ಎಂದು ಕೇಳುವವರಿದ್ದಾರೆ. ಇಳಿಯುತ್ತವೆ, ನಿಜ. ತರಬೇತಿ ಪಡೆದ ಪೈಲಟ್ ಮತ್ತು ತಕ್ಕ ವಿಮಾನ ಇದ್ದರೆ ರನ್‌ವೇ ಮೇಲೆ 50 ಮೀಟರ್ ಕಂಡರೂ ಇಳಿಸಬಹುದು. ಆದರೆ ಮೇಲೇಳಲು 125 ಮೀಟರ್ ಕಾಣಬೇಕು. ನೂರು ಮೀಟರ್ ಕಾಣುವ ಬೆಳಿಗ್ಗೆ ಬಂದ ವಿಮಾನಗಳು ಇಳಿಯುತ್ತವೆ, ಹೊರಡಬೇಕಾದವು ಹೊರಡುವುದಿಲ್ಲ. ನಿಲ್ಲುವ ಜಾಗ ತುಂಬಿಹೋಗುತ್ತದೆ. ಜೊತೆಗೆ ಎರಡು ವಿಮಾನಗಳ ನಡುವೆ ಅಂತರವನ್ನೂ ಹೆಚ್ಚು ಬಿಡಬೇಕು. ಹಾಗಾಗಿ ದೂರದ ಊರಿನ ವಿಮಾನವನ್ನು ಹೊರಟಲ್ಲೇ ಹಿಡಿದಿಡುತ್ತಾರೆ, ಅಷ್ಟರಲ್ಲಿ ಹಾರಿಬಿಟ್ಟಿದ್ದರೆ ಜೈಪುರಕ್ಕೋ ಲಖನೌಗೋ ತಿರುಗಿಸುತ್ತಾರೆ.

ಜನವರಿಯ ಒಂದು ಮಂಗಳವಾರ ಬೆಳಗಿನ ಪಾಳಿಯಲ್ಲಿ ಯುಪಿಎಸ್‌ಸಿ ಸಂದರ್ಶನ ಇದೆ ಎಂದುಕೊಳ್ಳಿ. ಷಹಜಹಾನ್ ರಸ್ತೆಯ ಧೋಲ್‌ಪುರ ಹೌಸ್‌ನಲ್ಲಿ ಒಂಬತ್ತಕ್ಕೆ ಹಾಜರಿರಬೇಕು. ಹೆಚ್ಚಿನವರು ಸೋಮವಾರ ಬೆಳಗಿನ ಆರರ ಫ್ಲೈಟ್ ಕೇಳುತ್ತಾರೆ, ‘ಒಂದು ದಿನ ಕೈಯಲ್ಲಿ ಇರ್ತದಲ್ಲ’ ಎನ್ನುತ್ತಾರೆ. ಆ ಒಂದು ದಿನದಲ್ಲಿ ಅರ್ಧ ದಿನ ಮಂಜಿಗೇ ಹೋಗುತ್ತದೆ. ಫ್ಲೈಟ್ ರದ್ದಾದರೆ ಉಳಿದಿರುವುದು ಸೋಮವಾರ ಸಂಜೆಯವು. ಬೆಳಿಗ್ಗೆ ಉತ್ತರದಲ್ಲಿ ಸಿಕ್ಕಿಬಿದ್ದ ವಿಮಾನಗಳೇ ಸಂಜೆ ಹಾರಬೇಕಾದ್ದರಿಂದ ಅವೂ ತಡ, ಮೇಲೆ ರದ್ದಾದವರೆಲ್ಲ ಅದೇ ಸೀಟುಗಳಿಗೆ ಮುಗಿಬಿದ್ದಿರುತ್ತಾರೆ.

ನಾವು ಹಾಕಿಕೊಡುವುದು ಹೀಗೆ. ಶನಿವಾರ ರಾತ್ರಿ ಶಿರಸಿಯಿಂದ ಬೆಂಗಳೂರು ಬಸ್. ಭಾನುವಾರ ಬೆಳಿಗ್ಗೆ ಐದಾರಕ್ಕೆ ಮೆಜೆಸ್ಟಿಕ್, ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ವಿಮಾನ ನಿಲ್ದಾಣ. ಫ್ಲೈಟ್ ಹತ್ತೂವರೆಯ ಆಸುಪಾಸಿನದು, ಮಧ್ಯಾಹ್ನ ಒಂದೂವರೆಗೆ ದೆಹಲಿ. ಬಸ್ ಒಂದು ತಾಸು ತಡವಾದರೂ ತೊಂದರೆ ಇಲ್ಲ. ಭಾನುವಾರದ ಫ್ಲೈಟ್ ರದ್ದಾದರೆ ಸೋಮವಾರ ಮಧ್ಯಾಹ್ನದ್ದು ಇದೆ. ಅದೂ ಸಂಜೆಗೆ ಜಾರಿದರೂ ಮಂಗಳವಾರ ಬೆಳಿಗ್ಗೆ ನಿದ್ದೆ ಮಾಡಿ ಎದ್ದು ಹೋಗಬಹುದು. ಒಂದು ರಾತ್ರಿಯ ರೂಮು ಬಾಡಿಗೆ ಹೆಚ್ಚಾಗುತ್ತದೆ, ಅದನ್ನು ಟಿಕೆಟ್ ಖರ್ಚಿನಲ್ಲೇ ಸೇರಿಸಿ ನೋಡಿ ಎಂದು ಮೊದಲೇ ಹೇಳಿಬಿಡುತ್ತೇವೆ. ಮೂಲ ಅಂಕಪಟ್ಟಿ, ಪ್ರಮಾಣಪತ್ರ, ಸಂದರ್ಶನಕ್ಕೆ ಹಾಕುವ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ವಿಮಾನ ಬೇರೆ ಊರಿಗೆ ತಿರುಗಿದರೆ ಚೆಕ್‌ಇನ್ ಮಾಡಿದ ಸೂಟ್‌ಕೇಸ್ ಯಾವಾಗ ಕೈಗೆ ಸಿಗುತ್ತದೆ ಎಂದು ಹೇಳಲಾಗದು.

ಹತ್ತೂವರೆ ಎಂದು ಕಣ್ಣುಮುಚ್ಚಿ ಹಾಕುವುದೂ ತಪ್ಪು. ಆ ವಿಮಾನ ಎಲ್ಲಿಂದ ಬಂದು ಬೆಂಗಳೂರಿನಿಂದ ಹೊರಡುತ್ತದೆ ನೋಡಬೇಕು. ಅದು ಬೆಳಿಗ್ಗೆ ದೆಹಲಿಯಿಂದಲೇ ಬರುವ ವಿಮಾನವಾದರೆ ಅಲ್ಲಿನ ಮಂಜು ಇಲ್ಲಿಗೂ ಬಂದ ಹಾಗೆ. ಫ್ಲೈಟ್‌ರಾಡಾರ್ ತರಹದ ಆ್ಯಪ್‌ನಲ್ಲಿ ಫ್ಲೈಟ್ ನಂಬರ್ ಹಾಕಿದರೆ ಹಿಂದಿನ ದಿನಗಳ ಪಟ್ಟಿ ಬರುತ್ತದೆ. ಪ್ರತಿ ದಿನದ ಸಾಲಿನಲ್ಲಿ `VT-` ಎಂದು ಶುರುವಾಗುವ ವಿಮಾನದ ನೋಂದಣಿ ಇರುತ್ತದೆ, ಅದನ್ನು ಒತ್ತಿದರೆ ಆ ವಿಮಾನ ಅದಕ್ಕೂ ಮುಂಚೆ ಎಲ್ಲಿತ್ತು ಕಾಣುತ್ತದೆ. ವಿಮಾನ ದಿನಾ ಬದಲಾಗುತ್ತದೆ, ಆದರೂ ನಾಲ್ಕೈದು ದಿನ ನೋಡಿದರೆ ಅಂದಾಜು ಸಿಗುತ್ತದೆ. ದಕ್ಷಿಣದ ಊರಿನಿಂದ ಬರುವುದು ಅಥವಾ ಬೆಂಗಳೂರಿನಲ್ಲೇ ತಂಗಿದ್ದುದು ಸಿಕ್ಕರೆ ಅದನ್ನೇ ಹಿಡಿಯಿರಿ.

ಹೊರಡುವ ದಿನ ಬೆಳಿಗ್ಗೆ ದೆಹಲಿಯ ಹವಾಮಾನ ವರದಿಯ ಸಾಲನ್ನೂ ಓದಬಹುದು. ಮಂಜಿನ ದಿನ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

```
METAR VIDP 100200Z 00000KT 0050 FG VV000 07/07 Q1018
```

`VIDP` ದೆಹಲಿ. `100200Z` ಅಂದರೆ ಹತ್ತನೇ ತಾರೀಖು, ಗ್ರೀನಿಚ್ ಸಮಯ ಎರಡು ಗಂಟೆ. ಐದೂವರೆ ತಾಸು ಸೇರಿಸಿದರೆ ನಮ್ಮ ಏಳೂವರೆ. `00000KT` ಅಂದರೆ ಗಾಳಿ ಇಲ್ಲ, `0050` ಅಂದರೆ 50 ಮೀಟರ್ ಕಾಣುತ್ತಿದೆ, `FG` ಮಂಜು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು `07/07`. ಮೊದಲನೆಯದು ಉಷ್ಣಾಂಶ, ಎರಡನೆಯದು ಇಬ್ಬನಿ ಕಟ್ಟುವ ಉಷ್ಣಾಂಶ. ಎರಡೂ ಒಂದೇ ಇದ್ದು ಗಾಳಿಯೂ ಇಲ್ಲದಿದ್ದರೆ ಮಂಜು ಬೇಗ ಎದ್ದು ಹೋಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಬರುವ ವರದಿಯಲ್ಲಿ ಮೊದಲನೆಯದು ಎರಡು ಮೂರು ಡಿಗ್ರಿ ಮೇಲೆ ಹೋಗತೊಡಗಿದರೆ ಮಂಜು ಕರಗುತ್ತಿದೆ ಎಂದು ತಿಳಿಯಬಹುದು.

ಮಳೆಗಾಲದಲ್ಲಿ ಹೆಚ್ಚುವರಿ ದಿನ ಬೇಕಾಗುವುದು ನಮ್ಮ ಕಡೆಯ ರಸ್ತೆಗೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆದದ್ದು ನಮ್ಮವರಿಗೆ ಮರೆತಿಲ್ಲ. ಕಾರವಾರದಿಂದ ಗೋವಾದ ದಾಬೋಲಿಮ್ ಹೆಚ್ಚುಕಡಿಮೆ ನೂರು ಕಿಲೋಮೀಟರ್, ಮಳೆಯಲ್ಲಿ ಕಾಣಕೋಣ ದಾಟಿ ಕರ್ಮಲ್ ಘಾಟ್ ಹತ್ತಬೇಕು. ದಾಬೋಲಿಮ್‌ನಿಂದ ಬೆಳಗಿನ ಏಳರ ಫ್ಲೈಟ್ ಹಾಕಿಸಿದರೆ ರಾತ್ರಿ ಎರಡೂವರೆಗೆ ಮನೆ ಬಿಡಬೇಕು. ರಸ್ತೆಗೆ ಮರ ಬಿದ್ದರೆ ಆ ಹೊತ್ತಿನಲ್ಲಿ ತೆರವು ಮಾಡಿಸಲು ಯಾರೂ ಸಿಗುವುದಿಲ್ಲ. ಮಳೆಗಾಲಕ್ಕೆ ಬೆಳಗಿನ ಫ್ಲೈಟೇ ಸರಿ, ಆದರೆ ಹಿಂದಿನ ದಿನ ಹಗಲಿನಲ್ಲೇ ಹೊರಟು ರಾತ್ರಿ ಮಡಗಾಂವ್ ಅಥವಾ ವಾಸ್ಕೊದಲ್ಲಿ ಉಳಿಯಬೇಕು. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ ಟಿಕೆಟ್ ಐನೂರೋ ಸಾವಿರವೋ ರೂಪಾಯಿ ಕಡಿಮೆ ಇದ್ದರೂ ಹುಬ್ಬಳ್ಳಿಯನ್ನೇ ಹೇಳುತ್ತೇವೆ, ಘಟ್ಟ ಇಳಿಯುವುದು ತಪ್ಪುತ್ತದೆ. ಹುಬ್ಬಳ್ಳಿಯಲ್ಲಿ ಫ್ಲೈಟುಗಳೇ ಕಡಿಮೆ, ಒಂದು ರದ್ದಾದರೆ ಮುಂದಿನದು ಮರುದಿನವೇ ಆಗಬಹುದು. ಅದಕ್ಕಾಗಿ ಕಾರ್ಯಕ್ರಮಕ್ಕಿಂತ ಒಂದು ಪೂರ್ತಿ ದಿನ ಮುಂಚೆ ಹೋಗಿ ಮುಟ್ಟುವ ಹಾಗೆ ಹಾಕಿ.

ದಾರಿಯಲ್ಲಿ ಒಂದು ಫ್ಲೈಟ್ ಇಳಿದು ಇನ್ನೊಂದು ಹತ್ತುವುದಾದರೆ ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಆ ಹಣ ಹೋದ ಹಾಗೇ. ಕಂಪನಿಯೇ ಫ್ಲೈಟ್ ರದ್ದು ಮಾಡಿದರೆ ಬದಲಿ ಫ್ಲೈಟ್ ಅಥವಾ ಪೂರ್ತಿ ಹಣ ಕೇಳುವ ಹಕ್ಕು ನಿಮ್ಮದು, ಕಾರಣ ಮಂಜಾದರೂ ಮಳೆಯಾದರೂ. ಅದರ ಮೇಲಿನ ಪರಿಹಾರ ಹವಾಮಾನದ ಕಾರಣಕ್ಕೆ ಸಿಗುವುದಿಲ್ಲ. ರದ್ದಾದ ಮೆಸೇಜ್ ಬಂದ ಕೂಡಲೇ ನೀವೇ ಕ್ಯಾನ್ಸಲ್ ಒತ್ತಬೇಡಿ. ಕಂಪನಿ ಕಳಿಸಿದ ಲಿಂಕ್‌ನಿಂದಲೇ ದಿನ ಬದಲಿಸಿ, ಇಲ್ಲವೇ ಟಿಕೆಟ್ ಮಾಡಿಸಿಕೊಟ್ಟವರಿಗೆ ಫೋನ್ ಮಾಡಿ.

ದೆಹಲಿಯಿಂದ ವಾಪಸ್ ಬರುವಾಗಲೂ ಮಧ್ಯಾಹ್ನ ಒಂದರಿಂದ ಮೂರರೊಳಗಿನ ಫ್ಲೈಟ್ ಹಿಡಿಯಿರಿ. ಬೆಂಗಳೂರಿಗೆ ಸಂಜೆ ಆರರ ಸುಮಾರಿಗೆ ಬಂದಿಳಿದರೆ ರಾತ್ರಿಯ ಶಿರಸಿ ಬಸ್ಸಿಗೆ ಮೆಜೆಸ್ಟಿಕ್ ಮುಟ್ಟಲು ಮೂರು ತಾಸು ಕೈಯಲ್ಲಿರುತ್ತದೆ.