ಬೌಂಡರಿ ಟರ್ಮ್‌ಗೆ ಒಂದು ಪ್ರತ್ಯೇಕ ಸಾಲು

ಶಿವಮೊಗ್ಗದ ಡಿಗ್ರಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇಂಟಿಗ್ರೇಶನ್ ಬೈ ಪಾರ್ಟ್ಸ್ ಮಾಡುವಾಗ ನನ್ನ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟು ಇದೆ: `[uv]` ಅನ್ನುವ ಬೌಂಡರಿ ಟರ್ಮ್ ಬಂದ ಕೂಡಲೇ ಅದಕ್ಕೆ ಬೇರೆ ಸಾಲು ಕೊಡಬೇಕು. ಮೇಲಿನ ಲಿಮಿಟ್‌ನಲ್ಲಿ ಎಷ್ಟು, ಕೆಳಗಿನ ಲಿಮಿಟ್‌ನಲ್ಲಿ ಎಷ್ಟು ಅಂತ ಬಿಡಿಸಿ ಬರೆಯಬೇಕು. ಸುಮ್ನೆ "= 0" ಅಂತ ಬರೆದರೆ ಮಾರ್ಕ್ಸ್ ಇಲ್ಲ.

ಇದಕ್ಕೆ ಕಾರಣ `sin^n x`ನ ರಿಡಕ್ಷನ್ ಫಾರ್ಮುಲಾ. `sin^n x`ನ ಇಂಟಿಗ್ರಲ್ ಅನ್ನು `I_n` ಅನ್ನೋಣ. `sin^(n-1) x` ಅನ್ನು u ಅಂತ ಇಟ್ಟುಕೊಂಡು, `sin x` ಅನ್ನು ಇಂಟಿಗ್ರೇಟ್ ಮಾಡಿದರೆ ಹೀಗೆ ಬರುತ್ತದೆ:

```
n I_n = [-sin^(n-1) x · cos x] + (n-1) I_(n-2)
```

ಲಿಮಿಟ್ಸ್ 0ಯಿಂದ π/2 ಆದರೆ ಬ್ರ್ಯಾಕೆಟ್ ಸೊನ್ನೆ. ಆದರೆ ಎರಡೂ ತುದಿಯಲ್ಲಿ ಕಾರಣ ಒಂದೇ ಅಲ್ಲ. π/2ನಲ್ಲಿ `cos x` ಸೊನ್ನೆಯಾಗುತ್ತದೆ. 0ಯಲ್ಲಿ `cos x` ಬೆಲೆ 1, ಅಲ್ಲಿ ಕೆಲಸ ಮಾಡುವುದು `sin^(n-1) x`. ಅದೂ n ಕನಿಷ್ಠ 2 ಇದ್ದರೆ ಮಾತ್ರ. n = 1 ಆದಾಗ ಆ ಅಂಶವೇ ಇರುವುದಿಲ್ಲ, ಬ್ರ್ಯಾಕೆಟ್ಟಿನ ಬೆಲೆ 1 ಆಗುತ್ತದೆ. `I_1`ನ ಪೂರ್ತಿ ಉತ್ತರ ಅಲ್ಲೇ ಇದೆ.

ಮಕ್ಕಳು ಬಾಯಿಪಾಠ ಮಾಡುವುದು ಬ್ರ್ಯಾಕೆಟ್ ಹೋದ ಮೇಲಿನ ಫಾರ್ಮುಲಾವನ್ನು. ಹಾಗಾಗಿ ಟೆಸ್ಟ್‌ನಲ್ಲಿ ಲಿಮಿಟ್ಸ್ 0ಯಿಂದ π/4 ಅಂತ ಕೊಟ್ಟು, n = 2 ಇಟ್ಟರೆ ತುಂಬಾ ಜನ π/8 ಅಂತ ಬರೆಯುತ್ತಾರೆ. ಹೊಸನಗರ ಕಡೆಯ ಒಬ್ಬ ಹುಡುಗ ಪೇಪರ್ ಹಿಡಿದುಕೊಂಡು ಬಂದು, "ಮೇಡಂ, ಫಾರ್ಮುಲಾ ಸರಿ ಇದೆಯಲ್ಲ?" ಅಂದ. ಮಳೆ ಜೋರಿತ್ತು, ತಗಡಿನ ಮಾಡಿನ ಸದ್ದಿಗೆ ನನ್ನ ಮಾತು ಅವನಿಗೆ ಕೇಳುವ ಹಾಗಿರಲಿಲ್ಲ. ಬೋರ್ಡಿನ ಮೇಲೇ ಬರೆದೆ. 0ಯಿಂದ π/4ವರೆಗೆ `sin² x` 1/2ರಿಂದ ಆಚೆ ಹೋಗುವುದಿಲ್ಲ, ಆ ಬೆಲೆ ಮುಟ್ಟುವುದೂ ಕೊನೆಯ ಬಿಂದುವಿನಲ್ಲಿ ಮಾತ್ರ. ಉತ್ತರ π/8 ಆಗಬೇಕಾದರೆ ಅದು ಉದ್ದಕ್ಕೂ 1/2 ಆಗಿಯೇ ಇರಬೇಕಿತ್ತು. "ಇರ್ತದಾ ಮಾರಾಯ?" ಅಂದೆ. ಅವನೇ ಚಾಕ್‌ಪೀಸ್ ತಗೊಂಡು ಬ್ರ್ಯಾಕೆಟ್ಟಿನ ಬೆಲೆ -1/2 ಅಂತ ಕಂಡುಹಿಡಿದ. ಅದನ್ನು 2ರಿಂದ ಭಾಗಿಸಿದರೆ -1/4. ಸರಿಯಾದ ಉತ್ತರ π/8 - 1/4, ಸುಮಾರು 0.143. ಅವನು ಮೊದಲು ಬರೆದದ್ದು ಸುಮಾರು 0.393.

ಇದು ಬ್ರ್ಯಾಕೆಟ್ ಇದ್ದರೂ ಇಲ್ಲ ಅಂದುಕೊಂಡ ಕಥೆ. ಇದರ ಉಲ್ಟಾ ಕೂಡ ಆಗುತ್ತದೆ, ಮತ್ತು ನನಗೆ ಹೇಳಿಕೊಡಲು ಜಾಸ್ತಿ ಇಷ್ಟವಾಗುವುದು ಅದೇ. 0ಯಿಂದ 1ರವರೆಗೆ `ln(1-x)` ತಗೊಳ್ಳಿ. u = `ln(1-x)`, dv = dx. ಎಲ್ಲರೂ v = x ಅಂತಲೇ ಹಾಕುತ್ತಾರೆ. ಆಗ `x ln(1-x)` 1ರ ಹತ್ತಿರ ಮೈನಸ್ ಇನ್ಫಿನಿಟಿಗೆ ಹೋಗುತ್ತದೆ. ಉಳಿದ ಇಂಟಿಗ್ರಲ್ ಕೂಡ ಇನ್ಫಿನಿಟಿ. ಅಲ್ಲಿಗೆ ಕೈಬಿಟ್ಟು "ಉತ್ತರ ಇಲ್ಲ" ಅಂತ ಬರೆಯುವವರಿದ್ದಾರೆ.

ಆದರೆ v ಅಂದರೆ x ಮಾತ್ರ ಅಲ್ಲವಲ್ಲ. ಅದಕ್ಕೆ ಯಾವ ಸ್ಥಿರಾಂಕ ಸೇರಿಸಿದರೂ ನಡೆಯುತ್ತದೆ. ತೊಂದರೆ ಇರುವ ತುದಿಯಲ್ಲೇ ಸೊನ್ನೆಯಾಗುವ ಹಾಗೆ v = x - 1 ಅಂತ ಆರಿಸಿಕೊಳ್ಳೋಣ:

```
[(x-1) ln(1-x)] - ∫ 1 dx
```

ಕೆಳಗಿನ ತುದಿಯಲ್ಲಿ `ln 1` ಸೊನ್ನೆ. ಮೇಲಿನ ತುದಿಯಲ್ಲಿ ಒಂದು ಅಂಶ ಸೊನ್ನೆಯ ಕಡೆಗೆ, ಇನ್ನೊಂದು ಇನ್ಫಿನಿಟಿಯ ಕಡೆಗೆ. ಇಲ್ಲಿ ಯಾರು ಬೇಗ ಓಡುತ್ತಾರೆ ಅಂತ ನೋಡಬೇಕು. 1-x ಅನ್ನು t ಅನ್ನೋಣ. t = 0.01 ಆದಾಗ `t ln t` ಸುಮಾರು -0.046. t = 0.0001 ಆದಾಗ ಸುಮಾರು -0.0009. ಲಾಗ್ ತುಂಬಾ ನಿಧಾನ, t ಗೆಲ್ಲುತ್ತದೆ, ಬ್ರ್ಯಾಕೆಟ್ ಸೊನ್ನೆ. ಉತ್ತರ -1, ಒಂದೇ ಸಾಲಿನಲ್ಲಿ.

ಇದನ್ನು ನೋಡಿದ ಮೇಲೆ ಎಲ್ಲಾ ಕಡೆ ಸ್ಥಿರಾಂಕ ಸೇರಿಸಿ ನೋಡುವ ಹುಮ್ಮಸ್ಸು ಬರುತ್ತದೆ. ಅದಕ್ಕೇ ಅದೇ ಕ್ಲಾಸಿನಲ್ಲಿ `1/(1-x)` ಕೂಡ ಮಾಡಿಸುತ್ತೇನೆ. v = x - 1 ಹಾಕಿದರೆ uv ಎಲ್ಲೆಲ್ಲೂ -1. ಎರಡೂ ತುದಿಯಲ್ಲಿ ಅದೇ ಬೆಲೆ, ಕಳೆದರೆ ಸೊನ್ನೆ. ಬ್ರ್ಯಾಕೆಟ್ ಹೋಯಿತು ಅಂತ ಮಕ್ಕಳು ಖುಷಿಪಡುತ್ತಾರೆ. ಮುಂದಿನ ಸಾಲು ಬರೆದರೆ I = I ಅಂತ ಬರುತ್ತದೆ, ಅಷ್ಟೇ. ಆ ಇಂಟಿಗ್ರಲ್ 1ರ ಹತ್ತಿರ ಲಾಗ್‌ನಂತೆ ಬೆಳೆಯುತ್ತಾ ಇನ್ಫಿನಿಟಿಗೆ ಹೋಗುವಂಥದ್ದು. ಬ್ರ್ಯಾಕೆಟ್ ಸೊನ್ನೆಯಾದ ಮಾತ್ರಕ್ಕೆ ಅದಕ್ಕೊಂದು ಬೆಲೆ ಬರುವುದಿಲ್ಲ.