ಕಂತು ಕಟ್ಟೋದು ಲಾಭದಿಂದ, ವ್ಯಾಪಾರದಿಂದಲ್ಲ

ಚಿಂತಾಮಣಿಯಲ್ಲಿ ದಿನಸಿ ಅಂಗಡಿ ಇಡಲು 3 ಲಕ್ಷ ಸಾಲ ಕೇಳ್ತೀರಿ ಅನ್ನಿ. ಸಾಲಕ್ಕೆ ಕೊಡೋ ಯೋಜನಾ ವರದಿಯಲ್ಲಿ ‘ದಿನಕ್ಕೆ 8,000 ವ್ಯಾಪಾರ’ ಅಂತ ದಪ್ಪಕ್ಷರದಲ್ಲಿ ಬರೆದರೂ ಸಾಲದ ಅಧಿಕಾರಿಯ ಪೆನ್ನು ನಿಲ್ಲೋದು ಅದರ ಕೆಳಗಿನ ಸಾಲುಗಳಲ್ಲಿ. ನೂರಕ್ಕೆ 12 ಉಳಿದರೆ ತಿಂಗಳಿಗೆ 28,800. ಬಾಡಿಗೆ, ಕರೆಂಟು, ಸಾಗಣೆಗೆ 8,000, ಮನೆಗೆ 10,000 ಕಳೆದರೆ 10,800. ಮನೆಖರ್ಚು ಬರೆಯೋಕೆ ಜನ ಯಾಕೋ ಸಂಕೋಚಪಡ್ತಾರೆ. ಬರೆಯದಿದ್ದರೂ ಅದು ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತೆ.

ಶೇ 11ರ ಬಡ್ಡಿಗೆ ಐದು ವರ್ಷದ ಕಂತು 6,523. ನಿರಾಳ ಅನ್ನಿಸುತ್ತೆ. ಆದರೆ ದಿನದ ವ್ಯಾಪಾರ 6,800ಕ್ಕೆ ಇಳಿದ ತಿಂಗಳು ಕೈಯಲ್ಲಿ ಉಳಿಯೋದು 6,480, ಕಂತಿಗೆ ಸಾಲದು. ಈ ಲೆಕ್ಕವನ್ನ ಅಧಿಕಾರಿ ಕೇಳೋ ಮುಂಚೆ ನಾವೇ ಬರೆದು ತೋರಿಸಿ, ಅಲ್ಲೇ ಏಳು ವರ್ಷದ ಅವಧಿ ಕೇಳಬೇಕು. ಕಂತು 5,137ಕ್ಕೆ ಇಳಿಯುತ್ತೆ. ಒಟ್ಟು ಬಡ್ಡಿ ಮಾತ್ರ ಸುಮಾರು 40,000 ಜಾಸ್ತಿ ಬೀಳುತ್ತೆ.